ಡಾಕ್ಟರು ಬಾರದ ದಿನವೂ ತೆರೆದಿರಬೇಕಾದ ಕೋಣೆ

ಜಿಲ್ಲಾ ಆಸ್ಪತ್ರೆಯ ಮನೋವೈದ್ಯರು ಮೇಲಧಿಕಾರಿಗಳಿಗೆ ಬರೆಯುವ ಬೇಡಿಕೆ ಪತ್ರಕ್ಕೆ ಒಂದು ಸಿದ್ಧ ಅಚ್ಚು ಇದೆ. ರೋಗಿಗಳ ಸಂಖ್ಯೆ ದಿನೇ ದಿನೇ ಹೆಚ್ಚುತ್ತಿದೆ, ಸಿಬ್ಬಂದಿ ಕೊರತೆ ಇದೆ, ಸ್ಥಳಾವಕಾಶ ಸಾಲುತ್ತಿಲ್ಲ, ಆದ್ದರಿಂದ ದಯಮಾಡಿ ಒದಗಿಸಿಕೊಡಬೇಕಾಗಿ ಕೋರಿಕೆ. ಬರೆದವರು ಪ್ರಾಮಾಣಿಕರು, ಬರೆದದ್ದೂ ನಿಜ. ಆದರೂ ಪತ್ರ ಕಡತ ಸೇರುತ್ತದೆ. ಅಧಿಕಾರಿ ಕಲ್ಲೆದೆಯವರು ಎಂಬುದು ಇದಕ್ಕೆ ಕಾರಣವಲ್ಲ. ‘ಆಗಲಿ’ ಎಂದು ಸಹಿ ಹಾಕಬಹುದಾದ ಒಂದೇ ಒಂದು ಸಾಲೂ ಆ ಪತ್ರದಲ್ಲಿ ಇರುವುದಿಲ್ಲ. ಎಷ್ಟು ಜನ ಬೇಕು, ಯಾವ ಕೋಣೆ, ಯಾವ ವಾರ, ಯಾವ ಲೆಕ್ಕದಲ್ಲಿ ದುಡ್ಡು, ನಾಳೆಯಿಂದಲೇ ಏನು ಮಾಡಬಹುದು ಎಂಬುದು ಅದರಲ್ಲಿ ಇಲ್ಲ.

ಯಮಕನಮರಡಿಯಂಥ ಊರಿಗೆ ವಾರವಾರವೂ ನಡೆಯುವ ಒಂದು ಮಾನಸಿಕ ಆರೋಗ್ಯ ಕ್ಲಿನಿಕ್ ಬೇಕು ಎಂದು ಬೆಳಗಾವಿಯ ಮನೋವೈದ್ಯರೊಬ್ಬರು ಬರೆಯುವುದಾದರೆ, ಆ ಪತ್ರ ಹೇಗಿರಬೇಕು? ಈ ಪ್ರಶ್ನೆಯನ್ನು ಹಿಡಿದು ಹೊರಟರೆ ನಮ್ಮ ರಾಜ್ಯದ ಮಾನಸಿಕ ಆರೋಗ್ಯ ವ್ಯವಸ್ಥೆಯ ಕೀಲು ಎಲ್ಲಿ ಸಡಿಲವಾಗಿದೆ ಎಂಬುದು ತಾನಾಗಿ ಕಾಣುತ್ತದೆ.

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಎಂಬ ಯೋಜನೆ ದೇಶದಲ್ಲಿ 1996ರಿಂದ ಇದೆ. ಅದರ ಮೂಲ ನಮ್ಮ ನೆಲದ್ದೇ. ನಿಮ್ಹಾನ್ಸ್ ಸಂಸ್ಥೆ 1970ರ ದಶಕದ ಮಧ್ಯದಲ್ಲಿ ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಗ್ರಾಮೀಣ ಘಟಕ ಶುರುಮಾಡಿತು. ಅಲ್ಲಿ ಕಲಿತದ್ದನ್ನು 1985ರಿಂದ 1990ರವರೆಗೆ ಇಡೀ ಬಳ್ಳಾರಿ ಜಿಲ್ಲೆಯಲ್ಲಿ ಪ್ರಯೋಗಿಸಿ ನೋಡಿತು. ಬಳ್ಳಾರಿಯಲ್ಲಿ ಹಳ್ಳಿಹಳ್ಳಿಗೆ ಮನೋವೈದ್ಯರನ್ನು ಕಳಿಸಲಿಲ್ಲ, ಕಳಿಸಲು ಅಷ್ಟು ಮಂದಿ ಇರಲೂ ಇಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರಿಗೆ ಮತ್ತು ಆರೋಗ್ಯ ಕಾರ್ಯಕರ್ತರಿಗೆ ಕೆಲವು ದಿನಗಳ ತರಬೇತಿ ಕೊಟ್ಟರು. ಬೆರಳೆಣಿಕೆಯ ಔಷಧಿಗಳನ್ನು ಕೇಂದ್ರಗಳಲ್ಲಿ ಇಟ್ಟರು. ಸರಳವಾದ ದಾಖಲೆ, ತಿಂಗಳಿಗೊಂದು ವರದಿ, ಮೇಲಿನಿಂದ ಮನೋವೈದ್ಯರ ಉಸ್ತುವಾರಿ. ತೀವ್ರ ಮನೋರೋಗ, ಮೂರ್ಛೆರೋಗ, ಖಿನ್ನತೆಯ ರೋಗಿಗಳನ್ನು ಇಷ್ಟರಿಂದಲೇ ಅವರವರ ಊರಿನ ಹತ್ತಿರ ನೋಡಿಕೊಳ್ಳಬಹುದು ಎಂದು ಆ ಐದು ವರ್ಷ ತೋರಿಸಿಕೊಟ್ಟಿತು. ‘ಬಳ್ಳಾರಿ ಮಾದರಿ’ ಎಂಬ ಹೆಸರಿನಲ್ಲಿ ಅದೇ ಮುಂದೆ ರಾಷ್ಟ್ರೀಯ ಯೋಜನೆಯಾಯಿತು.

ಯೋಜನೆ ಬೆಳೆಯುತ್ತಾ ಹೋದಂತೆ ಅದರ ಅಳತೆಗೋಲು ಮಾತ್ರ ಜಿಲ್ಲೆಯೇ ಆಗಿ ಉಳಿಯಿತು. ಒಂದು ಜಿಲ್ಲೆಗೆ ಒಂದು ತಂಡ: ಮನೋವೈದ್ಯರು, ಚಿಕಿತ್ಸಾ ಮನಶ್ಶಾಸ್ತ್ರಜ್ಞರು, ಸಮಾಜ ಕಾರ್ಯಕರ್ತರು, ಮನೋವೈದ್ಯಕೀಯ ನರ್ಸ್, ಸಮುದಾಯ ನರ್ಸ್, ದಾಖಲೆ ನೋಡಿಕೊಳ್ಳುವವರು. 2011ರ ಜನಗಣತಿಯಲ್ಲಿ ಕೊಡಗಿನ ಜನಸಂಖ್ಯೆ ಐದೂವರೆ ಲಕ್ಷ, ಬೆಳಗಾವಿಯದು ಹತ್ತಿರಹತ್ತಿರ 48 ಲಕ್ಷ. ಎರಡಕ್ಕೂ ಯೋಜನೆಯ ಅಳತೆ ಒಂದೇ. ಈ ಒಂದು ಸಂಗತಿಯನ್ನು ಪತ್ರದ ಮೊದಲ ಪ್ಯಾರಾದಲ್ಲೇ ಹೇಳಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ. ಏಕೆಂದರೆ ಮುಂದಿನ ತೊಂದರೆಗಳೆಲ್ಲ ಇಲ್ಲಿಂದಲೇ ಹುಟ್ಟುತ್ತವೆ.

ಕರ್ನಾಟಕ ಸರ್ಕಾರ 2014ರಲ್ಲಿ ‘ಮನೋಚೈತನ್ಯ’ ಎಂಬ ಕಾರ್ಯಕ್ರಮ ತಂದಿತು. ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬಂದು ಹೊರರೋಗಿಗಳನ್ನು ನೋಡುವುದು ಅದರ ತಿರುಳು. ಒಳ್ಳೆಯ ಆಲೋಚನೆ, ಬೇರೆ ರಾಜ್ಯಗಳು ನೋಡಿ ಕಲಿಯುವಂಥದ್ದು. ಆದರೆ ಬೆಳಗಾವಿಯಲ್ಲಿ ಲೆಕ್ಕ ಹಾಕಿ ನೋಡಿ. ಯರಗಟ್ಟಿಯನ್ನೂ ಸೇರಿಸಿದರೆ ಜಿಲ್ಲೆಯಲ್ಲಿ 15 ತಾಲ್ಲೂಕು. ವರ್ಷಕ್ಕೆ ಮಂಗಳವಾರಗಳು 52. ಜಿಲ್ಲಾ ತಂಡದ ಒಬ್ಬರೇ ಮನೋವೈದ್ಯರು ಒಂದು ಮಂಗಳವಾರವೂ ತಪ್ಪಿಸದೆ, ರಜೆ ಹಾಕದೆ, ಸಭೆಗೆ ಹೋಗದೆ ತಿರುಗಿದರೂ ಒಂದೊಂದು ತಾಲ್ಲೂಕಿಗೆ ವರ್ಷಕ್ಕೆ ಮೂರು ಅಥವಾ ನಾಲ್ಕು ಸರತಿ ಸಿಗುತ್ತದೆ. ಹೀಗಾಗಿಯೇ ಆ ಕಾರ್ಯಕ್ರಮ ವೈದ್ಯಕೀಯ ಕಾಲೇಜಿನವರನ್ನೂ ಖಾಸಗಿ ಮನೋವೈದ್ಯರನ್ನೂ ಜೊತೆಗೆ ಕರೆದುಕೊಳ್ಳುತ್ತದೆ. ಅವರು ಬಂದರೂ ಬರುವುದು ತಾಲ್ಲೂಕು ಕೇಂದ್ರಕ್ಕೆ. ಹುಕ್ಕೇರಿಗೆ ಬರಬಹುದು, ಗೋಕಾಕಕ್ಕೆ ಬರಬಹುದು, ಮೂಡಲಗಿಗೂ ಬರಬಹುದು. ಹೆದ್ದಾರಿಯ ಪಕ್ಕ ಹತ್ತರಗಿ ಹತ್ತಿರ ಇರುವ ಯಮಕನಮರಡಿ ಆ ಪಟ್ಟಿಯಲ್ಲಿ ಬರುವುದೇ ಇಲ್ಲ.

ಯಮಕನಮರಡಿ ಸುತ್ತಲಿನ ಒಂದು ಮನೆಯನ್ನು ಊಹಿಸಿಕೊಳ್ಳಿ. ಇಪ್ಪತ್ತನಾಲ್ಕರ ಹುಡುಗ. ಆರು ತಿಂಗಳಿಂದ ಯಾರೋ ಕಿವಿಯಲ್ಲಿ ಬೈಯುತ್ತಾರೆ ಅನ್ನುತ್ತಾನೆ, ರಾತ್ರಿ ಮಲಗುವುದಿಲ್ಲ, ಊಟದಲ್ಲಿ ಏನೋ ಬೆರೆಸಿದ್ದೀರಿ ಎಂದು ತಟ್ಟೆ ಎಸೆಯುತ್ತಾನೆ. ಮನೆಯವರು ದೇವರ ಗುಡಿಗಳಿಗೆ ಅಲೆದಾಡಿ, ಮಿರಜಿಗೋ ಧಾರವಾಡಕ್ಕೋ ಕರೆದೊಯ್ಯುತ್ತಾರೆ. ಅಲ್ಲಿ ರೋಗ ಪತ್ತೆಯಾಗುತ್ತದೆ, ಗುಳಿಗೆ ಶುರುವಾಗುತ್ತದೆ, ಎರಡು ಮೂರು ವಾರದಲ್ಲಿ ನಿದ್ದೆ ಬರುತ್ತದೆ, ಒಂದೆರಡು ತಿಂಗಳಲ್ಲಿ ಮಾತು ತಿಳಿಯಾಗುತ್ತದೆ. ಹುಡುಗ ಹೊಲಕ್ಕೂ ಹೋಗುತ್ತಾನೆ. ಇಲ್ಲಿಯವರೆಗೆ ವೈದ್ಯಶಾಸ್ತ್ರದ ಕೆಲಸ ಸರಿಯಾಗಿಯೇ ನಡೆದಿದೆ.

ಕೆಡುವುದು ಇದರ ನಂತರ. ಎರಡನೇ ತಿಂಗಳು ಅಪ್ಪ ಒಬ್ಬರೇ ಹೋಗಿ ಗುಳಿಗೆ ತರುತ್ತಾರೆ. ಮೂರನೇ ತಿಂಗಳು ಕಬ್ಬಿನ ಹಂಗಾಮು. ಕಾರ್ಖಾನೆ ಕರೆದಾಗ ಕಬ್ಬು ಕಡಿದು ಕಳಿಸದಿದ್ದರೆ ವರ್ಷದ ದುಡಿಮೆ ಹೊಲದಲ್ಲೇ ಒಣಗುತ್ತದೆ. ಧಾರವಾಡಕ್ಕೆ ಹೋಗಿಬರಲು ಇಡೀ ಒಂದು ದಿನ ಬೇಕು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ತಾಯಿಗೆ ಬಸ್ ಪ್ರಯಾಣ ಉಚಿತ, ಆದರೆ ಮಗನಿಗೆ ಟಿಕೆಟ್ ಬೇಕು, ಇಬ್ಬರ ಕೂಲಿಯೂ ಹೋಗುತ್ತದೆ. ತಾಯಿ ಹತ್ತಿರದ ಸರ್ಕಾರಿ ದವಾಖಾನೆಗೆ ಖಾಲಿ ಚೀಟಿ ಹಿಡಿದು ಹೋಗುತ್ತಾರೆ.

“ಬಾಯಿಯವರ, ಈ ಗುಳಿಗಿ ಮುಗದಾವ್ರಿ. ಒಂದ ತಿಂಗಳದ್ದರ ಕೊಡ್ರಿ.”

“ಇವು ನಮ್ಮಲ್ಲಿ ಬರೂದಿಲ್ಲವಾ. ತಲಿ ಡಾಕ್ಟ್ರು ಬಂದಾಗ ಹುಕ್ಕೇರಿಗೆ ಹೋಗ್ರಿ.”

ನರ್ಸಿನ ಮಾತಿನಲ್ಲಿ ಸುಳ್ಳಿಲ್ಲ, ನಿರ್ಲಕ್ಷ್ಯವೂ ಇಲ್ಲ. ಗುಳಿಗೆ ಅಲ್ಲಿ ಇಲ್ಲ, ಅಷ್ಟೇ. ಹುಡುಗ ಆರಾಮಾಗಿದ್ದಾನಲ್ಲ, ಬಿಟ್ಟರೂ ನಡೆದೀತು ಎಂದು ಮನೆಯವರು ಸುಮ್ಮನಾಗುತ್ತಾರೆ. ಸ್ಕಿಜೋಫ್ರೇನಿಯಾ ಹಾಗೆ ಬಿಡುವ ರೋಗವಲ್ಲ. ಔಷಧಿ ನಿಲ್ಲಿಸಿದವರಲ್ಲಿ ಹೆಚ್ಚಿನವರಿಗೆ ವರ್ಷದೊಳಗೇ ಅದು ಮರುಕಳಿಸುತ್ತದೆ. ಮರುಕಳಿಸಿದಾಗ ಮೊದಲಿನಷ್ಟೇ ಗುಳಿಗೆಗೆ ಬಗ್ಗುತ್ತದೆ ಎಂಬ ಭರವಸೆಯೂ ಇಲ್ಲ. ಎರಡನೇ ಸಲ ಹುಡುಗನನ್ನು ಕಟ್ಟಿಹಾಕಿ ಜೀಪಿನಲ್ಲಿ ಕರೆತರಬೇಕಾಗುತ್ತದೆ. ಹೊಲ ಅಡವಿಟ್ಟು ಖಾಸಗಿಯಲ್ಲಿ ದಾಖಲು ಮಾಡಬೇಕಾಗುತ್ತದೆ.

ಈ ಮನೆಗೆ ಬೇಕಾಗಿದ್ದದ್ದು ಇನ್ನೊಬ್ಬ ಮನೋವೈದ್ಯರಲ್ಲ. ರೋಗ ಗುರುತಿಸಿದ ಮನೋವೈದ್ಯರು ಇದ್ದರು. ಬೇಕಾಗಿದ್ದದ್ದು ಮೂರನೇ ತಿಂಗಳಿನ ಗುಳಿಗೆ, ಅದನ್ನು ಕೊಡುವ ಒಬ್ಬ ನರ್ಸ್, ಬಾರದಿದ್ದರೆ ಯಾಕೆ ಬರಲಿಲ್ಲ ಎಂದು ಕೇಳುವ ಒಂದು ದನಿ. ಆದ್ದರಿಂದ ಪತ್ರ ಕೇಳಬೇಕಾದದ್ದು ಮನೋವೈದ್ಯರು ಬರುವ ದಿನದ ವ್ಯವಸ್ಥೆಯನ್ನಲ್ಲ, ಅವರು ಬಾರದ ದಿನಗಳ ವ್ಯವಸ್ಥೆಯನ್ನು. ಕ್ಲಿನಿಕ್ ಬದುಕುವುದೂ ಸಾಯುವುದೂ ಆ ದಿನಗಳಲ್ಲೇ. ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಿಮ್ಹಾನ್ಸ್‌ನವರು 2005ರಿಂದ ಸ್ಕಿಜೋಫ್ರೇನಿಯಾ ಇರುವವರನ್ನು ಅವರ ಮನೆಗಳಲ್ಲೇ ಗುರುತಿಸಿ ವರ್ಷಾನುಗಟ್ಟಲೆ ಹಿಂಬಾಲಿಸಿದ ಕೆಲಸದಲ್ಲೂ ಇದೇ ಕಂಡಿತು. ಔಷಧಿ ನಿಲ್ಲದೆ ಸಿಕ್ಕವರ ಕೆಲಸ ಮಾಡುವ ಶಕ್ತಿ, ಮನೆಯಲ್ಲಿ ಬೆರೆಯುವ ಶಕ್ತಿ ಸಿಗದವರಿಗಿಂತ ಚೆನ್ನಾಗಿ ಉಳಿದಿತ್ತು. ಅಲ್ಲಿ ಔಷಧಿ ನಿಲ್ಲದಂತೆ ನೋಡಿಕೊಂಡವರಲ್ಲಿ ಮನೆಮನೆಗೆ ಹೋಗುವ ಸಮಾಜ ಕಾರ್ಯಕರ್ತರ ಪಾಲು ದೊಡ್ಡದು.

ಇನ್ನು ಎಷ್ಟು ಜನರಿಗೆ ಎಂಬ ಲೆಕ್ಕ. ಅಧಿಕಾರಿ ಕೇಳುವ ಮೊದಲ ಪ್ರಶ್ನೆ ಇದು, ಕೇಳಬೇಕಾದದ್ದೂ ಹೌದು. ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 12 ರಾಜ್ಯಗಳನ್ನು ಒಳಗೊಂಡಿತ್ತು. ಕರ್ನಾಟಕ ಆ ಹನ್ನೆರಡರಲ್ಲಿ ಇರಲಿಲ್ಲ, ಕೋಲಾರದಲ್ಲಿ ಪೂರ್ವಪರೀಕ್ಷೆ ಮಾತ್ರ ನಡೆಯಿತು. ಹಾಗಾಗಿ ಅದರ ಅಂಕಿಯನ್ನು ಅಂದಾಜಿಗೆ ಬಳಸಬಹುದೇ ಹೊರತು ನಮ್ಮ ಊರಿನ ಎಣಿಕೆ ಎಂದು ಹೇಳಬಾರದು. ವಯಸ್ಕರಲ್ಲಿ ತೀವ್ರ ಮನೋರೋಗ ಇರುವವರು ನೂರಕ್ಕೆ 0.8ರಷ್ಟು ಎಂದು ಸಮೀಕ್ಷೆ ಹೇಳಿತು. ಅವರಲ್ಲಿ ನಾಲ್ಕರಲ್ಲಿ ಸುಮಾರು ಮೂವರು ಚಿಕಿತ್ಸೆಯ ಹೊರಗೇ ಇದ್ದರು.

ಬಯಲುಸೀಮೆಯಲ್ಲಿ ಒಂದು ಸಮುದಾಯ ಆರೋಗ್ಯ ಕೇಂದ್ರಕ್ಕೆ 1,20,000 ಜನ ಎಂಬುದು ಸರ್ಕಾರದ್ದೇ ಅಳತೆ. ಅದರಲ್ಲಿ ಮೂರರಲ್ಲಿ ಎರಡು ಪಾಲು ವಯಸ್ಕರು ಎಂದಿಟ್ಟುಕೊಂಡರೆ 80,000. ನೂರಕ್ಕೆ 0.8 ಅಂದರೆ 640 ಜನ. ಅರ್ಧದಷ್ಟು ಮಂದಿ ಮಾತ್ರ ಕ್ಲಿನಿಕ್ಕಿಗೆ ಹೆಸರು ಹಚ್ಚಿಸಿದರೂ 320. ಪ್ರತಿಯೊಬ್ಬರೂ ತಿಂಗಳಿಗೊಮ್ಮೆ ಬರಬೇಕು, ಅಂದರೆ ವಾರಕ್ಕೆ 80. ಖಿನ್ನತೆ, ಆತಂಕ, ಕುಡಿತದ ಚಟ, ಮೂರ್ಛೆರೋಗ ಇವು ಯಾವುವೂ ಈ ಲೆಕ್ಕದಲ್ಲಿ ಇನ್ನೂ ಸೇರಿಲ್ಲ.

ಒಬ್ಬ ಮನೋವೈದ್ಯರು ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ, ಊಟದ ಹೊತ್ತು ಕಳೆದು ಐದು ತಾಸು, ಅಂದರೆ 300 ನಿಮಿಷ ಕೂರುತ್ತಾರೆ. ಹೊಸ ರೋಗಿಗೆ ಅರ್ಧ ತಾಸು ಬೇಕೇ ಬೇಕು. ರೋಗಿ ಹೇಳುವುದು ಒಂದು, ಮನೆಯವರು ಹೇಳುವುದು ಇನ್ನೊಂದು, ಎರಡನ್ನೂ ಬೇರೆಬೇರೆ ಕೇಳಬೇಕು. ನಾಲ್ಕು ಹೊಸಬರಿಗೆ 120 ನಿಮಿಷ ಹೋಯಿತು. ಉಳಿದ 180ರಲ್ಲಿ ಎಂಟು ನಿಮಿಷಕ್ಕೊಬ್ಬರಂತೆ ಹಳಬರು 22 ಜನ. ಒಟ್ಟು 26. ಈಗ ಅದೇ ಕೋಣೆಯ ಹೊರಗೆ ಒಬ್ಬ ನರ್ಸ್ ಮತ್ತು ಒಬ್ಬ ಸಮಾಜ ಕಾರ್ಯಕರ್ತರು ಇದ್ದಾರೆ ಎನ್ನಿ. ಅವರು ಹೊಸಬರ ಕಥೆಯನ್ನು ಮೊದಲೇ ಬರೆದಿಟ್ಟು, ಹಳಬರ ತೂಕ, ಬಿ.ಪಿ., ಉಳಿದ ಗುಳಿಗೆ ಎಷ್ಟು ಎಂದು ಎಣಿಸಿ ಕಳಿಸಿದರೆ ಹೊಸಬರಿಗೆ ಕಾಲು ತಾಸು, ಹಳಬರಿಗೆ ಆರು ನಿಮಿಷ ಸಾಕು. ಆಗ 44 ಜನರನ್ನು ನೋಡಬಹುದು, ನೋಡುವ ಗುಣಮಟ್ಟ ಕೆಡದೆ. ಸಿಬ್ಬಂದಿ ಕೇಳುವ ಕಾರಣವನ್ನು ಪತ್ರದಲ್ಲಿ ಹೀಗೆ ಬರೆಯಬೇಕು. ಇಬ್ಬರನ್ನು ಕೊಟ್ಟರೆ 26 ಹೇಗೆ 44 ಆಗುತ್ತದೆ ಎಂದು ತೋರಿಸಬೇಕು.

ಆದರೂ ವಾರಕ್ಕೆ 80 ಎಂಬುದು 44ರೊಳಗೆ ಹಿಡಿಸುವುದಿಲ್ಲ, ಪತ್ರ ಕೇಳುವುದೂ ಮನೋವೈದ್ಯರು ತಿಂಗಳಿಗೊಮ್ಮೆ ಬರಲಿ ಎಂದು ಮಾತ್ರ. ಇಲ್ಲಿ ಬಳ್ಳಾರಿಯ ಪಾಠ ಬೇಕಾಗುತ್ತದೆ. ಉಳಿದ ಮಂಗಳವಾರಗಳನ್ನು ಸ್ಥಳೀಯ ವೈದ್ಯಾಧಿಕಾರಿಯೇ ನಡೆಸಬೇಕು. ಸ್ಥಿರವಾಗಿರುವ ರೋಗಿಗೆ ಹೊಸ ರೋಗನಿರ್ಣಯ ಬೇಕಾಗಿಲ್ಲ. ಗುಳಿಗೆ ನುಂಗುತ್ತಿದ್ದಾರೆಯೇ, ನಿದ್ದೆ ಸರಿ ಇದೆಯೇ, ಕೈ ನಡುಗುತ್ತಿದೆಯೇ, ತೂಕ ಏರುತ್ತಿದೆಯೇ, ಸಾಯುವ ಮಾತಾಡುತ್ತಿದ್ದಾರೆಯೇ ಎಂದು ನೋಡಿ ಅದೇ ಔಷಧಿಯನ್ನು ಮುಂದುವರಿಸಬೇಕು. ತರಬೇತಾದ ನರ್ಸ್ ಕೇಳಿ, ವೈದ್ಯಾಧಿಕಾರಿ ನೋಡಿ ಸಹಿ ಹಾಕಿದರೆ ಸಾಕು. ಸರ್ಕಾರಿ ಆಸ್ಪತ್ರೆಗಳ ಎಲ್ಲ ವೈದ್ಯಾಧಿಕಾರಿಗಳಿಗೂ ಈ ಮೂಲ ತರಬೇತಿ ಕೊಡಬೇಕೆಂದು 2017ರ ಮಾನಸಿಕ ಆರೋಗ್ಯ ರಕ್ಷಣೆ ಕಾಯ್ದೆಯ 31ನೇ ಕಲಂ ಹೇಳುತ್ತದೆ.

ಕೋಣೆಯ ವಿಷಯಕ್ಕೆ ಬರೋಣ. ‘ಸ್ಥಳಾವಕಾಶ’ ಎಂದು ಬರೆದರೆ ಆಸ್ಪತ್ರೆಯ ಹಿಂಬದಿಯಲ್ಲಿ ಹಳೆಯ ಮಂಚ ತುಂಬಿಟ್ಟ ಕೋಣೆಯ ಮೂಲೆ ಸಿಗುತ್ತದೆ, ಇಲ್ಲವೇ ಕಾರಿಡಾರಿನಲ್ಲಿ ಒಂದು ಟೇಬಲ್. ಕಾರಿಡಾರಿನಲ್ಲಿ ಕೂತ ಹೆಣ್ಣುಮಗಳು ಗಂಡನ ಹೊಡೆತದ ಬಗ್ಗೆ ಹೇಳುವುದಿಲ್ಲ, ಸಾಯಬೇಕೆನಿಸುತ್ತದೆ ಎಂದೂ ಹೇಳುವುದಿಲ್ಲ, ತಲೆನೋವು ಅನ್ನುತ್ತಾಳೆ. ವೈದ್ಯರು ತಲೆನೋವಿನ ಗುಳಿಗೆ ಬರೆಯುತ್ತಾರೆ. ಆದ್ದರಿಂದ ಬೇಕಾದದ್ದು ಬಾಗಿಲು ಹಾಕಿಕೊಳ್ಳುವ, ಒಳಗಿನ ಮಾತು ಹೊರಗಿನ ಬೆಂಚಿಗೆ ಕೇಳಿಸದ ಒಂದು ಕೋಣೆ. ಅದು ಉಳಿದ ಓ.ಪಿ.ಡಿ. ಸಾಲಿನಲ್ಲೇ ಇರಬೇಕು, ಅದೇ ಚೀಟಿ, ಅದೇ ಕೌಂಟರ್. ಬೇರೆ ಕಟ್ಟಡ ಕಟ್ಟಿ ದೊಡ್ಡ ಬೋರ್ಡು ಹಾಕಿದರೆ ಸಣ್ಣ ಊರಿನಲ್ಲಿ ಯಾರು ಅಲ್ಲಿಗೆ ಹೋದರು ಎಂಬುದು ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ. ಇಂಥ ಕೋಣೆ ಕೆಲವು ಆಸ್ಪತ್ರೆಗಳಲ್ಲಿ ಈಗಾಗಲೇ ಇರುತ್ತದೆ. ಎಚ್.ಐ.ವಿ. ಆಪ್ತ ಸಮಾಲೋಚನೆಗೆ, ಹದಿಹರೆಯದವರ ಸ್ನೇಹ ಕ್ಲಿನಿಕ್ಕಿಗೆ, ಬಿ.ಪಿ.-ಸಕ್ಕರೆ ಕಾಯಿಲೆಯ ಕ್ಲಿನಿಕ್ಕಿಗೆ ಬಾಗಿಲಿರುವ ಕೋಣೆ ಕೊಟ್ಟಿರುತ್ತಾರೆ. ವಾರದಲ್ಲಿ ಒಂದು ದಿನ ಅದನ್ನು ಹಂಚಿಕೊಳ್ಳುವುದಾಗಿ ಕೇಳಿದರೆ ಹೊಸ ಕಟ್ಟಡ, ಹೊಸ ದುಡ್ಡು ಯಾವುದೂ ಬೇಕಾಗಿಲ್ಲ. ಅಧಿಕಾರಿಯ ಒಂದು ಆದೇಶ ಸಾಕು. ಸಕ್ಕರೆ ಕಾಯಿಲೆಯ ಕ್ಲಿನಿಕ್ ಪಕ್ಕದಲ್ಲಿದ್ದರೆ ಇನ್ನೊಂದು ಅನುಕೂಲವೂ ಇದೆ: ಓಲಾಂಜಪಿನ್‌ನಂಥ ಗುಳಿಗೆಗಳು ತೂಕವನ್ನೂ ಸಕ್ಕರೆಯನ್ನೂ ಏರಿಸುತ್ತವೆ, ತಪಾಸಣೆ ಅಲ್ಲೇ ಮುಗಿಯುತ್ತದೆ.

ಔಷಧಿಯದು ಎಲ್ಲಕ್ಕಿಂತ ಸೂಕ್ಷ್ಮ. ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧಿಗೆ ಇಂಡೆಂಟು ಹಾಕುವಾಗ ಹಿಂದಿನ ವರ್ಷ ಎಷ್ಟು ಬಳಕೆಯಾಯಿತು ಎಂದು ನೋಡುತ್ತಾರೆ. ಹೊಸ ಕ್ಲಿನಿಕ್ಕಿಗೆ ಹಿಂದಿನ ವರ್ಷವೇ ಇಲ್ಲ. ಬಳಕೆ ಸೊನ್ನೆ, ಆದ್ದರಿಂದ ಇಂಡೆಂಟೂ ಸೊನ್ನೆ. ಕ್ಲಿನಿಕ್ ಶುರುವಾಗಿ ಎರಡನೇ ತಿಂಗಳಿಗೇ ಗುಳಿಗೆ ಮುಗಿದು, ಹೊರಗೆ ಚೀಟಿ ಬರೆಯುವುದು ಶುರುವಾಗುತ್ತದೆ. ಬರೆದ ದಿನವೇ ಬಡವರು ಬಿಟ್ಟುಹೋಗುತ್ತಾರೆ. ಈ ಬಲೆಯಿಂದ ತಪ್ಪಿಸಿಕೊಳ್ಳಲು ಪತ್ರದಲ್ಲೇ ಅಂದಾಜು ಕೊಡಬೇಕು. ನೂರು ಜನ ದಿನಕ್ಕೆ 4 ಮಿ.ಗ್ರಾಂ. ರಿಸ್ಪೆರಿಡೋನ್ ತೆಗೆದುಕೊಳ್ಳುತ್ತಾರೆ ಎಂದರೆ 2 ಮಿ.ಗ್ರಾಂ.ನ ಗುಳಿಗೆ ತಿಂಗಳಿಗೆ 6,000. ಸರಬರಾಜು ತಡವಾದರೂ ನಿಲ್ಲದಿರಲು ಮೂರು ತಿಂಗಳಿನದು ಕೈಯಲ್ಲಿರಬೇಕು, ಅಂದರೆ 18,000. ಹೀಗೆ ಏಳೆಂಟು ಔಷಧಿಗಳಿಗೆ ಬರೆದರೆ ಔಷಧಿ ಉಗ್ರಾಣದವರಿಗೆ ಕೆಲಸ ಮಾಡಲು ಒಂದು ಅಂಕಿ ಸಿಗುತ್ತದೆ. ದಿನಾ ನುಂಗಲು ಒಪ್ಪದವರಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಕೊಡುವ ಫ್ಲುಫೆನಜಿನ್ ಚುಚ್ಚುಮದ್ದು ಪಟ್ಟಿಯಲ್ಲಿ ಇರಲೇಬೇಕು. ಮೇಲೆ ಹೇಳಿದ ಹುಡುಗನನ್ನು ಕಬ್ಬಿನ ಹಂಗಾಮಿನಲ್ಲಿ ಕಾಪಾಡಬಹುದಾಗಿದ್ದದ್ದು ಅದೇ. ಲಿಥಿಯಂ ಮಾತ್ರ ಅವಸರದಲ್ಲಿ ಬೇಡ. ರಕ್ತದಲ್ಲಿ ಅದರ ಪ್ರಮಾಣವನ್ನು, ಕೊನೆಯ ಗುಳಿಗೆ ನುಂಗಿ 12 ತಾಸಿನ ನಂತರ, ಅಳೆದು ನೋಡುವ ವ್ಯವಸ್ಥೆ ಇಲ್ಲದೆ ಅದನ್ನು ಹಳ್ಳಿಯಲ್ಲಿ ಹಂಚುವುದು ಅಪಾಯ.

ಪತ್ರ ಯಾರಿಗೆ ಎಂಬಲ್ಲಿ ಬೆಳಗಾವಿಯದೇ ಒಂದು ತೊಡಕಿದೆ. ಜಿಲ್ಲಾ ಆಸ್ಪತ್ರೆ ಬೆಳಗಾವಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಜೊತೆ ಇದೆ, ಅದು ವೈದ್ಯಕೀಯ ಶಿಕ್ಷಣ ಇಲಾಖೆಗೆ ಸೇರಿದ್ದು. ತಾಲ್ಲೂಕಿನ ಮತ್ತು ಕೆಳಗಿನ ಆಸ್ಪತ್ರೆಗಳು ಆರೋಗ್ಯ ಇಲಾಖೆಯವು. ಒಬ್ಬರಿಗೆ ಮಾತ್ರ ಬರೆದರೆ ಇನ್ನೊಬ್ಬರ ವ್ಯಾಪ್ತಿ ಎಂದು ಪತ್ರ ತಿರುಗುತ್ತಲೇ ಇರುತ್ತದೆ. ಮನೋವೈದ್ಯರನ್ನು ತಿಂಗಳಿಗೊಮ್ಮೆ ಬಿಟ್ಟುಕೊಡುವವರು ಒಬ್ಬರು, ಕೋಣೆ ಮತ್ತು ನರ್ಸ್ ಕೊಡುವವರು ಇನ್ನೊಬ್ಬರು. ಇಬ್ಬರಿಗೂ ಒಂದೇ ಪತ್ರ ಹೋಗಬೇಕು, ಯಾರಿಂದ ಏನು ಎಂದು ಅದರಲ್ಲೇ ಬೇರೆಬೇರೆ ಹೇಳಬೇಕು, ಅದರ ಒಂದು ಪ್ರತಿ ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗೂ ತಲುಪಬೇಕು.

ಇಷ್ಟನ್ನೂ ಸೇರಿಸಿ ನಾನೇ ಕರಡು ಬರೆದರೆ ಅದು ಹೀಗಿದ್ದೀತು:

“ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳು ಹಾಗೂ ಜಿಲ್ಲಾ ಆಸ್ಪತ್ರೆಯ ಮುಖ್ಯಸ್ಥರು, ಬೆಳಗಾವಿ, ಇವರಿಗೆ.

ವಿಷಯ: ಯಮಕನಮರಡಿ ಸರ್ಕಾರಿ ಆಸ್ಪತ್ರೆಯಲ್ಲಿ ಪ್ರತಿ ಮಂಗಳವಾರ ಮಾನಸಿಕ ಆರೋಗ್ಯ ಕ್ಲಿನಿಕ್ ನಡೆಸುವ ಬಗ್ಗೆ.

ಮಾನ್ಯರೇ, ಹುಕ್ಕೇರಿ ತಾಲ್ಲೂಕಿನ ಈ ಭಾಗದವರು ಮಾನಸಿಕ ಕಾಯಿಲೆಯ ಚಿಕಿತ್ಸೆಗೆ ಬೆಳಗಾವಿ, ಧಾರವಾಡ ಅಥವಾ ಮಿರಜಿಗೆ ಹೋಗುತ್ತಿದ್ದಾರೆ. ರೋಗ ಪತ್ತೆಯಾದ ಮೇಲೆ ಔಷಧಿ ಮುಂದುವರಿಸುವ ವ್ಯವಸ್ಥೆ ಹತ್ತಿರದಲ್ಲಿ ಇಲ್ಲದಿರುವುದರಿಂದ ಮಧ್ಯದಲ್ಲೇ ಬಿಡುತ್ತಿದ್ದಾರೆ. 1,20,000 ಜನಸಂಖ್ಯೆಗೆ ತೀವ್ರ ಮನೋರೋಗಿಗಳ ಅಂದಾಜು 640. ಅರ್ಧದಷ್ಟು ಜನ ನೋಂದಾಯಿಸಿದರೂ ವಾರಕ್ಕೆ 80 ಮಂದಿ ಬರುತ್ತಾರೆ. ಲೆಕ್ಕವನ್ನು ಲಗತ್ತಿಸಿದ್ದೇನೆ.

ಜಿಲ್ಲಾ ಆಸ್ಪತ್ರೆಯಿಂದ ಕೋರುವುದು: ಪ್ರತಿ ತಿಂಗಳ ಮೊದಲ ಮಂಗಳವಾರ ನನ್ನನ್ನು ಅಥವಾ ನನ್ನ ಸಹೋದ್ಯೋಗಿಯನ್ನು ಈ ಕ್ಲಿನಿಕ್ಕಿಗೆ ನಿಯೋಜಿಸಿ ಲಿಖಿತ ಆದೇಶ, ಮತ್ತು ಪ್ರಯಾಣಕ್ಕೆ ವಾಹನ.

ಆರೋಗ್ಯ ಇಲಾಖೆಯಿಂದ ಕೋರುವುದು: ಸ್ಥಳೀಯ ವೈದ್ಯಾಧಿಕಾರಿಗೆ ಮತ್ತು ಒಬ್ಬ ಶುಶ್ರೂಷಾಧಿಕಾರಿಗೆ ತರಬೇತಿ, ಆ ಶುಶ್ರೂಷಾಧಿಕಾರಿಯನ್ನು ಕನಿಷ್ಠ ಎರಡು ವರ್ಷ ಮಂಗಳವಾರಗಳಂದು ಬೇರೆ ಕೆಲಸಕ್ಕೆ ನಿಯೋಜಿಸಬಾರದೆಂಬ ಆದೇಶ, ಜಿಲ್ಲಾ ತಂಡದ ಸಮಾಜ ಕಾರ್ಯಕರ್ತರ ವಾರಕ್ಕೊಂದು ದಿನ, ಸಮಾಲೋಚನಾ ಕೋಣೆಯ ಮಂಗಳವಾರದ ಬಳಕೆ, ಬೀಗವಿರುವ ಒಂದು ಕಪಾಟು, ಮತ್ತು ಲಗತ್ತಿಸಿದ ಪಟ್ಟಿಯಂತೆ ಮೂರು ತಿಂಗಳ ಔಷಧಿ.

ಹೊಸ ಹುದ್ದೆ ಮತ್ತು ಹೊಸ ಕಟ್ಟಡವನ್ನು ಈ ಪತ್ರದಲ್ಲಿ ಕೇಳಿಲ್ಲ. ಆರು ತಿಂಗಳ ನಂತರ ನೋಂದಾಯಿಸಿದವರೆಷ್ಟು, ಹೇಳಿದ ತಾರೀಖಿಗೆ ಮರಳಿ ಬಂದವರೆಷ್ಟು, ಔಷಧಿ ಇಲ್ಲದೆ ಹಿಂದಿರುಗಿದವರೆಷ್ಟು ಎಂಬ ವರದಿ ಕೊಡುತ್ತೇನೆ. ಸೇವೆ ಉಪಯೋಗಕ್ಕೆ ಬಂದಿದೆ ಎಂದು ಆ ವರದಿ ತೋರಿಸಿದರೆ ಪೂರ್ಣಾವಧಿ ಶುಶ್ರೂಷಾಧಿಕಾರಿ ಮತ್ತು ಸಮಾಜ ಕಾರ್ಯಕರ್ತರ ಹುದ್ದೆಗಳನ್ನು ಮುಂದಿನ ವರ್ಷದ ಕಾರ್ಯಯೋಜನೆಯಲ್ಲಿ ಸೇರಿಸಬೇಕೆಂದು ವಿನಂತಿಸುತ್ತೇನೆ.”

ಇದರಲ್ಲಿ ನರ್ಸನ್ನು ಎರಡು ವರ್ಷ ಅಲುಗಾಡಿಸಬಾರದು ಎಂಬ ಸಾಲನ್ನು ನಾನು ಬೇಕೆಂದೇ ಸೇರಿಸಿದ್ದೇನೆ. ಕ್ಲಿನಿಕ್ಕುಗಳು ಮುರಿಯುವುದು ಹೆಚ್ಚಾಗಿ ಅಲ್ಲಿಯೇ. ತರಬೇತಿ ಪಡೆದ ನರ್ಸ್ ಹೆರಿಗೆ ಕೋಣೆಗೆ ಹೋಗುತ್ತಾರೆ, ಲಸಿಕೆ ಅಭಿಯಾನ ಬಂದರೆ ಕೋಣೆಯಲ್ಲಿ ಪೆಟ್ಟಿಗೆಗಳು ಬಂದು ಕೂರುತ್ತವೆ, ಮನೋವೈದ್ಯರು ಶಿಬಿರಕ್ಕೆ ಹೋಗುತ್ತಾರೆ. ಎರಡು ಮಂಗಳವಾರ ಬಾಗಿಲು ಹಾಕಿದ್ದನ್ನು ನೋಡಿದವರು ಮೂರನೇ ಸಲ ಬಸ್ ಹತ್ತುವುದಿಲ್ಲ.

ಇನ್ನೊಂದು ಮಾತು ವರದಿಯ ಬಗ್ಗೆ. ನಮ್ಮ ಸಭೆಗಳಲ್ಲಿ ಕೇಳುವುದು ಈ ತಿಂಗಳು ಎಷ್ಟು ರೋಗಿಗಳನ್ನು ನೋಡಿದಿರಿ ಎಂದು. ಆ ಅಂಕಿ ಮೋಸ ಮಾಡುತ್ತದೆ. ತಿಂಗಳಿಗೆ 60 ಹೊಸಬರು ಬಂದು ಒಬ್ಬರೂ ಮರಳಿ ಬಾರದಿದ್ದರೂ ಪಟ್ಟಿ ತುಂಬಿದಂತೆಯೇ ಕಾಣುತ್ತದೆ. ಕ್ಲಿನಿಕ್ ನಡೆಯುತ್ತಿದೆಯೋ ಇಲ್ಲವೋ ಎಂಬುದನ್ನು ಹೇಳುವುದು ರಿಜಿಸ್ಟರಿನ ಕೊನೆಯ ಕಾಲಂ, ‘ಮುಂದಿನ ತಾರೀಖು’. ಆ ತಾರೀಖು ಕಳೆದು ವಾರವಾದರೂ ಬಾರದವರ ಪಟ್ಟಿಯನ್ನು ನರ್ಸ್ ಪ್ರತಿ ಮಂಗಳವಾರ ಸಂಜೆ ಬರೆದು ಫೋನ್ ಮಾಡಬೇಕು. ಫೋನ್ ಸಿಗದಿದ್ದರೆ ಆಶಾ ಕಾರ್ಯಕರ್ತೆಗೆ ಹೇಳಬೇಕು. ಆಶಾಗೆ ತಿಳಿಯಬೇಕಾದದ್ದು ‘ದವಾಖಾನಿಗೆ ಬರಾಕ ಹೇಳ್ರಿ’ ಎಂಬುದಷ್ಟೇ. ರೋಗದ ಹೆಸರು ರೋಗಿಯ ಒಪ್ಪಿಗೆ ಇಲ್ಲದೆ ಹೊರಗೆ ಹೋಗಬಾರದು, ಕಾಯ್ದೆಯೂ ಅದನ್ನೇ ಹೇಳುತ್ತದೆ.

ಇದೇ ಪಟ್ಟಿಗೆ ಸೇರಬೇಕಾದ ಇನ್ನೊಂದು ಗುಂಪಿದೆ. ಈ ಕಡೆ ‘ಎಣ್ಣಿ ಕುಡದಾರ’ ಎಂದರೆ ಹೊಲಕ್ಕೆ ಹೊಡೆಯುವ ಕೀಟನಾಶಕ ಕುಡಿದಿದ್ದಾರೆ ಎಂದು ಎಲ್ಲರಿಗೂ ಗೊತ್ತು. ಅಂಥವರನ್ನು ಹೊಟ್ಟೆ ತೊಳೆದು, ಅಟ್ರೊಪಿನ್ ಕೊಟ್ಟು, ದೊಡ್ಡಾಸ್ಪತ್ರೆಗೆ ಸಾಗಿಸಿ ಬದುಕಿಸುತ್ತಾರೆ. ಬದುಕಿ ಮನೆಗೆ ಬಂದ ಮೇಲೆ ಅವರ ಮನಸ್ಸನ್ನು ಯಾರೂ ವಿಚಾರಿಸುವುದಿಲ್ಲ. ಮತ್ತೆ ಅದೇ ಕೆಲಸಕ್ಕೆ ಕೈಹಾಕುವ ಅಪಾಯ ಹೆಚ್ಚಿರುವುದು ಆ ಮೊದಲ ವಾರಗಳಲ್ಲೇ. ಇಂಥ ಪ್ರತಿಯೊಬ್ಬರಿಗೂ ಬಿಡುಗಡೆಯ ಚೀಟಿಯಲ್ಲೇ ಮುಂದಿನ ಮಂಗಳವಾರದ ತಾರೀಖು ಬರೆದಿರಬೇಕು. ಪೊಲೀಸ್ ಕೇಸಿನ ಹೆದರಿಕೆಯಿಂದ ಮನೆಯವರು ಮುಚ್ಚಿಡುವುದುಂಟು. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಬೇರೆಯದೆಂದು ಸಾಬೀತಾಗದ ಹೊರತು ಅವರನ್ನು ಶಿಕ್ಷಿಸುವಂತಿಲ್ಲ ಎಂದು 2017ರ ಕಾಯ್ದೆಯ 115ನೇ ಕಲಂ ಹೇಳುತ್ತದೆ. ಅವರಿಗೆ ಆರೈಕೆ ಕೊಡುವುದು ಸರ್ಕಾರದ ಕರ್ತವ್ಯ ಎಂದೂ ಅದೇ ಕಲಂ ಹೇಳುತ್ತದೆ. ಮಂಗಳವಾರದವರೆಗೆ ಕಾಯಲಾಗದವರಿಗೆ 14416 ಎಂಬ ಟೆಲಿಮಾನಸ್ ಸಂಖ್ಯೆ ಇದೆ. ಹಗಲು ರಾತ್ರಿ ಕನ್ನಡದಲ್ಲಿ ಮಾತಾಡಬಹುದು, ದುಡ್ಡು ಕೊಡಬೇಕಾಗಿಲ್ಲ.

ಮನೋವೈದ್ಯರು ಇಂಥ ಪತ್ರ ಬರೆಯುವಾಗ ಭಿಕ್ಷೆ ಕೇಳುವ ದನಿ ಬೇಡ. ಮಾನಸಿಕ ಆರೋಗ್ಯ ಸೇವೆ ಪಡೆಯುವುದು ಪ್ರತಿಯೊಬ್ಬರ ಹಕ್ಕು ಎಂದು ಕಾಯ್ದೆಯ 18ನೇ ಕಲಂ ಹೇಳುತ್ತದೆ. ಅಗತ್ಯ ಔಷಧಿಗಳ ಪಟ್ಟಿಯಲ್ಲಿರುವ ಗುಳಿಗೆಗಳು ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಿನ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲಿ ಎಲ್ಲ ಕಾಲದಲ್ಲೂ ಉಚಿತವಾಗಿ ಸಿಗಬೇಕು ಎಂಬುದೂ ಅದರಲ್ಲೇ ಇದೆ. ಆ ಕಾಯ್ದೆ ಜಾರಿಗೆ ಬಂದದ್ದು 2018ರ ಮೇ 29ರಂದು. ಜನಸಂಖ್ಯೆಗೆ ತಕ್ಕಷ್ಟು ಮಾನಸಿಕ ಆರೋಗ್ಯ ಸಿಬ್ಬಂದಿ ಇರುವಂತೆ ಮಾಡಲು ಸರ್ಕಾರಗಳಿಗೆ ಅದು ಕೊಟ್ಟ ಅವಧಿ ಹತ್ತು ವರ್ಷ. ಅದು 2028ರ ಮೇ ತಿಂಗಳಲ್ಲಿ ಮುಗಿಯುತ್ತದೆ.